ಒಂದೇ ಸ್ವಿಚ್ಚಿನ ಎರಡು ಸಾಕೆಟ್‌ಗಳಿಗೆ ಸಿಕ್ಕಿಸಿದ ಕೇಬಲ್: ನನ್ನ ಅನುಭವ

ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಕಚೇರಿಯೊಂದರಲ್ಲಿ, ವಾರಾಂತ್ಯದಲ್ಲಿ ಮೇಜು ಕುರ್ಚಿಗಳನ್ನು ಸ್ಥಳಾಂತರಿಸಿದ ಮರುದಿನ ಬೆಳಿಗ್ಗೆಯಿಂದಲೇ ಎಲ್ಲರದೂ ಒಂದೇ ದೂರು: ಇಂಟರ್ನೆಟ್ ತುಂಬಾ ನಿಧಾನವಾಗಿದೆ. ನಿಂತುಹೋಗಿದೆ ಎಂದು ಯಾರೂ ಹೇಳಲಿಲ್ಲ. ನಿಂತುಹೋಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಒಬ್ಬರ ಗಣಕದಲ್ಲಿ ಪುಟ ತೆರೆದುಕೊಳ್ಳುತ್ತಿತ್ತು, ಅದೇ ಹೊತ್ತಿಗೆ ಪಕ್ಕದವರಲ್ಲಿ ತೆರೆಯುತ್ತಿರಲಿಲ್ಲ, ಐದು ನಿಮಿಷ ಬಿಟ್ಟು ನೋಡಿದರೆ ಇಬ್ಬರ ಸ್ಥಿತಿಯೂ ಅದಲುಬದಲಾಗಿರುತ್ತಿತ್ತು. ಮೇಜಿನ ಮೇಲಿನ ಐಪಿ ಫೋನುಗಳು ಮಾತ್ರ ಬಹುತೇಕ ಸತ್ತಂತಿದ್ದವು, ವೈಫೈ ಅಂತೂ ಬಳಸುವಂತಿರಲಿಲ್ಲ.

ಮೊದಲ ಅರ್ಧ ಗಂಟೆಯನ್ನು ನಾನು ಇಂಟರ್ನೆಟ್ ಸಂಪರ್ಕದ ಮೇಲೆ ಅನುಮಾನಪಟ್ಟು ವ್ಯರ್ಥ ಮಾಡಿದೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಗೇಟ್‌ವೇಗೆ ಪಿಂಗ್ ಹಚ್ಚಿ ಕಿಟಕಿಯನ್ನು ತೆರೆದೇ ಇಟ್ಟೆ. ಸಾಮಾನ್ಯವಾಗಿ 1 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕಾದ ಉತ್ತರ ಒಮ್ಮೆ 1, ಒಮ್ಮೆ 340, ನಂತರ ಎರಡು ಸಲ ಉತ್ತರವೇ ಇಲ್ಲ, ಮತ್ತೆ 1 ಎಂಬಂತೆ ಬರುತ್ತಿತ್ತು. ಅದೇ ಸ್ವಿಚ್ಚಿಗೆ ಸೇರಿದ ಪಕ್ಕದ ಗಣಕಕ್ಕೆ ಪಿಂಗ್ ಮಾಡಿದಾಗಲೂ ಇದೇ ಕಥೆ. ಎರಡು ಗಣಕಗಳ ನಡುವೆ ಇರುವುದು ಒಂದೇ ಸ್ವಿಚ್ ಆಗಿದ್ದು ಅಲ್ಲಿಯೇ ಉತ್ತರ ತಡವಾಗುತ್ತಿದೆಯೆಂದರೆ, ದೋಷ ಕಟ್ಟಡದ ಒಳಗೇ ಇದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಸರ್ವರ್ ಕೋಣೆಯ 24 ಪೋರ್ಟಿನ ಮುಖ್ಯ ಸ್ವಿಚ್ಚಿನ ಮುಂದೆ ನಿಂತಾಗ ಎರಡನೆಯ ಸುಳಿವು ಸಿಕ್ಕಿತು. ಪ್ರತಿ ಪೋರ್ಟಿನ ದೀಪವೂ ತನ್ನ ಪಾಡಿಗೆ ತಾನು ಮಿನುಗುವುದು ರೂಢಿ. ಅಂದು ಎಲ್ಲ ದೀಪಗಳೂ ಒಂದೇ ತಾಳಕ್ಕೆ, ಬಿಡುವಿಲ್ಲದೆ ಮಿನುಗುತ್ತಿದ್ದವು. ಎಲ್ಲ ಪೋರ್ಟುಗಳಿಗೂ ಒಂದೇ ದತ್ತಾಂಶ ಹೋಗುತ್ತಿದೆ ಎಂದೇ ಇದರ ಅರ್ಥ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ಸೇರಿಸಿ ಬ್ರಾಡ್‌ಕಾಸ್ಟ್ ಫ್ರೇಮುಗಳನ್ನಷ್ಟೇ ಹಿಡಿದು ನೋಡಿದೆ:

```
tcpdump -ni eth0 -c 1000 broadcast
```

ಶಾಂತವಾಗಿರುವ ಸಣ್ಣ ಕಚೇರಿಯಲ್ಲಿ ಇಂಥ 1000 ಫ್ರೇಮುಗಳು ಸೇರಲು ಕೆಲವು ನಿಮಿಷಗಳೇ ಬೇಕಾಗುತ್ತವೆ. ಅಂದು ಎಂಟರ್ ಒತ್ತಿದ ಬೆರಳನ್ನು ಎತ್ತುವ ಮೊದಲೇ ಮುಗಿದುಹೋಯಿತು. ಕಂಡದ್ದರಲ್ಲಿ ಬಹುಪಾಲು ಹೀಗಿತ್ತು:

```
10:42:17.318204 ARP, Request who-has 192.168.10.1 tell 192.168.10.47, length 46
10:42:17.318211 ARP, Request who-has 192.168.10.1 tell 192.168.10.47, length 46
10:42:17.318218 ARP, Request who-has 192.168.10.1 tell 192.168.10.47, length 46
```

ಇಲ್ಲಿ ನಾನು ಒಂದು ತಪ್ಪು ಮಾಡಿದೆ. 192.168.10.1 ಯಾರ ಬಳಿ ಇದೆ ಎಂದು 47ನೆಯ ವಿಳಾಸದ ಗಣಕವೇ ಹುಚ್ಚು ಹಿಡಿದಂತೆ ಕೇಳುತ್ತಿದೆ, ಬಹುಶಃ ವೈರಸ್ ಇರಬೇಕು ಎಂದುಕೊಂಡು ಹೋಗಿ ಅದರ ಕೇಬಲನ್ನೇ ಕಿತ್ತೆ. ಮರಳಿ ಬಂದು ನೋಡಿದರೆ, ಕೇಬಲೇ ಇಲ್ಲದ ಆ ಗಣಕದ ಹೆಸರಿನಲ್ಲಿ ಪ್ರಶ್ನೆಗಳು ಇನ್ನೂ ಸುರಿಯುತ್ತಲೇ ಇದ್ದವು. ಸಮಯದ ಅಂಕಣವನ್ನು ಆಗಲೇ ಸರಿಯಾಗಿ ಓದಿದ್ದರೆ ಈ ಓಡಾಟ ಉಳಿಯುತ್ತಿತ್ತು. ಉತ್ತರ ಸಿಗದಿದ್ದಾಗ ಗಣಕವು ಮತ್ತೆ ಕೇಳುವ ಮುನ್ನ ಸುಮಾರು ಒಂದು ಸೆಕೆಂಡು ಕಾಯುತ್ತದೆ, ಆದರೆ ಇಲ್ಲಿ ಎರಡು ಸಾಲುಗಳ ನಡುವೆ ಇದ್ದದ್ದು 7 ಮೈಕ್ರೋಸೆಕೆಂಡು. ಯಾವ ಗಣಕವೂ ಹಾಗೆ ಕೇಳುವುದಿಲ್ಲ. ಅದು ಒಮ್ಮೆ ಕೇಳಿ ಸುಮ್ಮನಾಗಿತ್ತು, ಅದರ ಪ್ರಶ್ನೆ ಮಾತ್ರ ಎಲ್ಲೋ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ಈ ಸುತ್ತುವಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಬ್ರಾಡ್‌ಕಾಸ್ಟ್ ಫ್ರೇಮ್ ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಕಳಿಸುತ್ತದೆ. 5 ಮತ್ತು 7ನೆಯ ಪೋರ್ಟುಗಳನ್ನು ಒಂದು ಕೇಬಲ್ ಜೋಡಿಸಿದೆ ಎಂದುಕೊಳ್ಳಿ. 5ರಿಂದ ಹೊರಟ ಪ್ರತಿ 7ರಲ್ಲಿ ಹೊಸ ಫ್ರೇಮಿನಂತೆ ಒಳಬರುತ್ತದೆ, ಸ್ವಿಚ್ ಅದನ್ನು ಮತ್ತೆ 5ಕ್ಕೂ ಉಳಿದೆಲ್ಲ ಪೋರ್ಟುಗಳಿಗೂ ಕಳಿಸುತ್ತದೆ. 7ರಿಂದ ಹೊರಟದ್ದು 5ರಲ್ಲಿ ಬಂದು ಎದುರು ದಿಕ್ಕಿನಲ್ಲಿ ಇದೇ ರೀತಿ ಸುತ್ತುತ್ತದೆ. ಐಪಿ ಪ್ಯಾಕೆಟ್ಟಿಗೆ ಇಷ್ಟು ಹೆಜ್ಜೆ ಕಳೆದರೆ ಸಾಯಬೇಕು ಎಂಬ ಎಣಿಕೆ ಇರುತ್ತದೆ, ಈಥರ್ನೆಟ್ ಫ್ರೇಮಿಗೆ ಅಂಥದ್ದಿಲ್ಲ. ಆದುದರಿಂದ ಒಂದೇ ಒಂದು ಪ್ರಶ್ನೆ ಸೆಕೆಂಡಿಗೆ ಹತ್ತಾರು ಸಾವಿರ ಸುತ್ತು ಹಾಕಬಲ್ಲದು, ಮತ್ತು ಪ್ರತಿ ಸುತ್ತಿನಲ್ಲೂ ಅದರ ಒಂದು ನಕಲು ಕಚೇರಿಗೆಲ್ಲ ಹಂಚಿಕೆಯಾಗುತ್ತದೆ. ಹೊಸ ಬ್ರಾಡ್‌ಕಾಸ್ಟುಗಳು ಬಂದು ಸೇರುತ್ತ ಹೋದಂತೆ ಕೇಬಲ್ ತುಂಬುತ್ತದೆ, ತುಂಬಿದ ಮೇಲೆ ಹೊಸದಕ್ಕೆ ಜಾಗವಾಗಲು ಹಳೆಯವು ಕೆಲವು ಉದುರುತ್ತವೆ.

ಬರೀ ದಟ್ಟಣೆಯಾಗಿದ್ದರೆ ಗಿಗಾಬಿಟ್ ನೆಟ್‌ವರ್ಕ್ ಅಷ್ಟು ತತ್ತರಿಸುತ್ತಿರಲಿಲ್ಲ. ಹೆಚ್ಚು ಹಾನಿ ಮಾಡುವುದು ಎರಡನೆಯ ಪರಿಣಾಮ. ಯಾವ ಗಣಕ ಯಾವ ಪೋರ್ಟಿನಲ್ಲಿದೆ ಎಂಬುದನ್ನು ಸ್ವಿಚ್ ಕಲಿಯುವುದು ಫ್ರೇಮಿನಲ್ಲಿರುವ ಕಳುಹಿಸಿದವರ ಮ್ಯಾಕ್ ವಿಳಾಸವನ್ನು ನೋಡಿ. ಸುತ್ತಿ ಬರುತ್ತಿರುವ ಪ್ರತಿ ನಕಲಿನಲ್ಲೂ 47ರ ವಿಳಾಸವೇ ಇರುವುದರಿಂದ, 47 ಇರುವುದು ಆ ಕೇಬಲ್ ಮಾಡಿದ ಕುಣಿಕೆಯ ಕಡೆಗೆ ಎಂದು ಮುಖ್ಯ ಸ್ವಿಚ್ ಸೆಕೆಂಡಿಗೆ ಸಾವಿರಾರು ಬಾರಿ ತಪ್ಪಾಗಿ ಕಲಿಯುತ್ತದೆ. 47ಕ್ಕೆಂದು ಬಂದ ಉತ್ತರಗಳೆಲ್ಲ ಆ ಕಡೆಗೇ ಹೋಗಿ ಮಣ್ಣುಪಾಲಾಗುತ್ತವೆ. ಸುತ್ತುತ್ತಿರುವ ಫ್ರೇಮುಗಳು ಬದಲಾದಂತೆ ಬಲಿಯಾಗುವ ಗಣಕವೂ ಬದಲಾಗುತ್ತದೆ. ಬೆಳಿಗ್ಗೆ ನಾನು ಕಂಡ ಅದಲುಬದಲಿನ ಗುಟ್ಟು ಇದೇ.

ಇನ್ನು ಹುಡುಕುವ ಕೆಲಸ. ಮುಖ್ಯ ಸ್ವಿಚ್ಚಿನ ನಿರ್ವಹಣಾ ಪುಟ ತೆರೆಯಲೇ ಇಲ್ಲ, ಏಕೆಂದರೆ ಬ್ರಾಡ್‌ಕಾಸ್ಟುಗಳು ಸ್ವಿಚ್ಚಿನ ಸ್ವಂತ ಪ್ರೊಸೆಸರನ್ನೂ ಮುತ್ತುತ್ತವೆ. ಕನ್ಸೋಲ್ ಕೇಬಲ್ ಹುಡುಕಿ ಸಿಕ್ಕಿಸಿದ ಮೇಲೆ ಲಾಗ್‌ನಲ್ಲಿ ಇಂಥ ಸಾಲುಗಳು ತುಂಬಿದ್ದವು:

```
%SW_MATM-4-MACFLAP_NOTIF: Host 0011.2233.4455 in vlan 10
 is flapping between port Gi1/0/9 and port Gi1/0/17
```

ಬೇರೆ ಬೇರೆ ಗಣಕಗಳ ಹೆಸರಿನಲ್ಲಿ ಇಂಥ ಸಾಲುಗಳಿದ್ದವು, ಮೊದಲ ಪೋರ್ಟ್ ಒಂದೊಂದರಲ್ಲಿ ಒಂದೊಂದು, ಆದರೆ ಎಲ್ಲದರಲ್ಲೂ ಸಮಾನವಾಗಿದ್ದದ್ದು 17. ಪ್ರತಿಯೊಬ್ಬರೂ ತಮ್ಮ ನಿಜವಾದ ಜಾಗಕ್ಕೂ 17ಕ್ಕೂ ನಡುವೆ ಹಾರಾಡುತ್ತಿದ್ದಾರೆಂದರೆ ಕುಣಿಕೆ 17ರ ಆಚೆಗಿದೆ. ಆ ಕೇಬಲನ್ನು ಕಿತ್ತ ಕ್ಷಣದಲ್ಲೇ ದೀಪಗಳು ತಣ್ಣಗಾದವು, ಪಿಂಗ್ ಕಿಟಕಿಯಲ್ಲಿ 1, 1, 1 ಎಂದು ಬರತೊಡಗಿತು. ಲಾಗ್ ನೋಡುವ ಸೌಲಭ್ಯವಿಲ್ಲದ ಸಾಧಾರಣ ಸ್ವಿಚ್ ಆಗಿದ್ದರೆ ಪಿಂಗ್ ಕಿಟಕಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕೇಬಲ್ ಕಿತ್ತು ಐದು ಸೆಕೆಂಡು ಕಾಯುವುದೊಂದೇ ದಾರಿ. ಆಗ ಬೇರೆ ಸ್ವಿಚ್ಚುಗಳಿಗೆ ಹೋಗುವ ಕೇಬಲುಗಳಿಂದ ಆರಂಭಿಸುವುದು ಒಳ್ಳೆಯದು, ಕುಣಿಕೆ ಇರುವುದು ಹೆಚ್ಚಾಗಿ ಅವುಗಳ ತುದಿಯಲ್ಲಿಯೇ.

17ರ ಕೇಬಲ್ ಹೋಗಿ ಮುಟ್ಟಿದ್ದು ಸಭೆಯ ಕೋಣೆಯ ಮೇಜಿನ ಕೆಳಗಿದ್ದ 8 ಪೋರ್ಟಿನ ಹಳೆಯ ಪುಟ್ಟ ಸ್ವಿಚ್ಚಿಗೆ. ಲ್ಯಾಪ್‌ಟಾಪ್ ತಂದವರು ಬಳಸಲೆಂದು ಅದರ 5ನೆಯ ಪೋರ್ಟಿನಿಂದ ಒಂದು ಕೇಬಲ್ ಸದಾ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅದರ ಇನ್ನೊಂದು ತುದಿ ಈಗ 7ನೆಯ ಪೋರ್ಟಿನಲ್ಲಿತ್ತು, ಉಳಿದ ಉದ್ದವನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಪಟ್ಟಿ ಕಟ್ಟಲಾಗಿತ್ತು. ಮೇಜು ಸರಿಸಿದವರನ್ನು ಕೇಳಿದಾಗ, "ಒಂದು ತುದಿ ನೆಲದ ಮೇಲೆ ಬಿದ್ದಿತ್ತು ಸರ್, ಅದೇ ಡಬ್ಬಿಯಲ್ಲಿ ಒಂದು ಖಾಲಿ ಜಾಗ ಕಂಡಿತು, ಅಲ್ಲಿಂದಲೇ ಕಿತ್ತು ಬಂದಿರಬೇಕೆಂದು ಸಿಕ್ಕಿಸಿದೆ" ಎಂದರು. ಅವರನ್ನು ದೂರಲು ನನಗೆ ಕಾರಣ ಕಾಣಲಿಲ್ಲ. ಹಿಂದಿನ ಕಾಲದ ಸ್ವಿಚ್ಚುಗಳಲ್ಲಿ ಎರಡು ಸಾಮಾನ್ಯ ಪೋರ್ಟುಗಳನ್ನು ನೇರ ಕೇಬಲಿನಿಂದ ಜೋಡಿಸಿದರೆ ಸಂಪರ್ಕವೇ ಆಗುತ್ತಿರಲಿಲ್ಲ, ಕ್ರಾಸ್ಓವರ್ ಕೇಬಲ್ ಬೇಕಿತ್ತು. ಕಳುಹಿಸುವ ಮತ್ತು ಪಡೆಯುವ ಜೋಡಿಗಳನ್ನು ಪೋರ್ಟುಗಳು ತಾವೇ ಅದಲುಬದಲು ಮಾಡಿಕೊಳ್ಳಲು ಕಲಿತ ಮೇಲೆ ಆ ಅನುಕೂಲದ ಜೊತೆಗೆ ಈ ಅಪಾಯವೂ ಬಂದಿತು.

ಆ ಪುಟ್ಟ ಸ್ವಿಚ್ಚಿನ ವೇಗ 100 ಮೆಗಾಬಿಟ್. ಕಚೇರಿ ಸಾಯದೆ ಬರೀ ಕುಂಟಿದ್ದಕ್ಕೆ ಇದೇ ಕಾರಣ. 17ನೆಯ ಪೋರ್ಟಿನ ಮೂಲಕ ಒಳಬರಬಹುದಾಗಿದ್ದ ಪ್ರವಾಹ 100 ಮೆಗಾಬಿಟ್ಟಿಗೆ ಸೀಮಿತವಾಗಿದ್ದು, ಉಳಿದ ಗಿಗಾಬಿಟ್ ತಂತಿಗಳ ಹತ್ತನೆಯ ಒಂದು ಭಾಗವಷ್ಟೇ ತುಂಬುತ್ತಿತ್ತು. ಆದರೆ 64 ಬೈಟಿನ ಫ್ರೇಮುಗಳ ಲೆಕ್ಕದಲ್ಲಿ ಅಷ್ಟೇ ಎಂದರೂ ಸೆಕೆಂಡಿಗೆ 1,48,809 ಆಗುತ್ತದೆ. ಮೇಜಿನ ಗಣಕಗಳು ಅದನ್ನು ಹೇಗೋ ತಾಳಿಕೊಂಡವು, ಸಣ್ಣ ಪ್ರೊಸೆಸರಿನ ಫೋನುಗಳು ತಾಳಲಿಲ್ಲ. ವೈಫೈ ಬ್ರಾಡ್‌ಕಾಸ್ಟುಗಳನ್ನು ಕಳಿಸುವುದು ತನ್ನ ಅತಿ ಕಡಿಮೆ ವೇಗಗಳಲ್ಲೊಂದರಲ್ಲಿ, ಹಾಗಾಗಿ ಅದರ ಗಂಟಲು ಮೊದಲೇ ಕಟ್ಟಿತು.

ಇಂಥ ಕುಣಿಕೆಯನ್ನು ಗುರುತಿಸಿ ಮುಚ್ಚಲೆಂದೇ ಸ್ಪ್ಯಾನಿಂಗ್ ಟ್ರೀ ಇದೆ, ಮುಖ್ಯ ಸ್ವಿಚ್ಚಿನಲ್ಲಿ ಅದು ಚಾಲನೆಯಲ್ಲಿಯೂ ಇತ್ತು. ಹಾಗಿದ್ದೂ ಏಕೆ ಕೈಕೊಟ್ಟಿತು ಎಂದು ತಿಳಿಯಲು ಅಂದು ಸಂಜೆ ಎಲ್ಲರೂ ಹೋದ ಮೇಲೆ ಅದೇ ಕೇಬಲನ್ನು ಮತ್ತೆ 7ಕ್ಕೆ ಸಿಕ್ಕಿಸಿ ನೋಡಿದೆ. ಮುಖ್ಯ ಸ್ವಿಚ್ ಎರಡು ಸೆಕೆಂಡಿಗೊಮ್ಮೆ ತನ್ನ ಪರಿಚಯದ ಫ್ರೇಮನ್ನು ಕಳಿಸುತ್ತದೆ, ಅದು ತನ್ನಲ್ಲಿಗೇ ಮರಳಿದರೆ ಕುಣಿಕೆಯಿದೆ ಎಂದು ಅರಿಯುತ್ತದೆ. ಆದರೆ ಆ ಫ್ರೇಮಿನ ವಿಳಾಸ ಕಾಯ್ದಿರಿಸಿದ್ದು, ಸ್ವಿಚ್ಚುಗಳು ಅದನ್ನು ಮುಂದೆ ದಾಟಿಸಬಾರದೆಂಬ ನಿಯಮವಿದೆ. ಸಭೆಯ ಕೋಣೆಯ ಪುಟ್ಟ ಸ್ವಿಚ್ ಈ ನಿಯಮವನ್ನು ಪಾಲಿಸಿ ಫ್ರೇಮನ್ನು ನುಂಗುತ್ತಿತ್ತು, ಆದರೆ ತಾನಾಗಿ ಸ್ಪ್ಯಾನಿಂಗ್ ಟ್ರೀ ನಡೆಸುತ್ತಿರಲಿಲ್ಲ. ಎಲ್ಲ ಪುಟ್ಟ ಸ್ವಿಚ್ಚುಗಳೂ ಹೀಗಲ್ಲ, ಕೆಲವು ದಾಟಿಸುತ್ತವೆ. ನಿಮ್ಮಲ್ಲಿರುವುದು ಯಾವ ಜಾತಿ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಆದುದರಿಂದ ಫ್ರೇಮ್ ಮರಳಿ ಬರುವುದನ್ನು ನೆಚ್ಚದೆ, ಬ್ರಾಡ್‌ಕಾಸ್ಟಿನ ಪ್ರಮಾಣವನ್ನೇ ಅಳೆದು ಪೋರ್ಟ್ ಮುಚ್ಚುವ ಏರ್ಪಾಡು ಮಾಡಿದೆ:

```
interface GigabitEthernet1/0/17
 storm-control broadcast level pps 500
 storm-control action shutdown
```

500 ಎಂಬ ಅಂಕಿಯನ್ನು ಊಹೆಯಿಂದ ಹಾಕಿದ್ದಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಗಣಕ ಹಚ್ಚುವ ಹೊತ್ತಿನಲ್ಲಿ ಅಳೆದಾಗ ಇಡೀ ಕಚೇರಿಯದು ಸೇರಿ ಸೆಕೆಂಡಿಗೆ 60 ದಾಟಲಿಲ್ಲ, ಕುಣಿಕೆ ಬಿದ್ದರೆ ಅದು ಲಕ್ಷ ದಾಟುತ್ತದೆ. ನಡುವೆ ಎಲ್ಲಿ ಗೆರೆ ಎಳೆದರೂ ನಡೆಯುತ್ತದೆ, ತೀರ ಕೆಳಗೆ ಎಳೆದರೆ ಮಾತ್ರ ಬೆಳಗಿನ ಗಡಿಬಿಡಿಗೇ ಪೋರ್ಟ್ ಮುಚ್ಚಿಕೊಳ್ಳುವ ಸಂಭವವಿದೆ. ಮುಚ್ಚಿದ ಪೋರ್ಟ್ ಸ್ವಲ್ಪ ಹೊತ್ತಿನ ಬಳಿಕ ತಾನೇ ತೆರೆದುಕೊಳ್ಳುವಂತೆ ಮಾಡುವ ಸೌಲಭ್ಯವೂ ಇದೆ, ಅದನ್ನು ನಾನು ಬೇಕೆಂದೇ ಬಿಟ್ಟೆ. ಕೇಬಲ್ ಹಾಗೆಯೇ ಇದ್ದರೆ ಪ್ರತಿ ಸಲ ತೆರೆದಾಗಲೂ ಕಚೇರಿಗೆಲ್ಲ ಒಂದು ಕ್ಷಣದ ಬಿರುಗಾಳಿ ಬೀಸುತ್ತದೆ, ಮತ್ತು ಅಂಥ ಬಿಟ್ಟು ಬಿಟ್ಟು ಬರುವ ದೋಷವನ್ನು ಹುಡುಕುವುದು ಇದಕ್ಕಿಂತ ಕಷ್ಟ.

ಇದೇ ಸಾಲುಗಳನ್ನು ಗೋಡೆಯ ಸಾಕೆಟ್ಟುಗಳಿಗೆ ಹೋಗುವ ಎಲ್ಲ ಪೋರ್ಟುಗಳಿಗೂ ಹಾಕಿ, ಕುಣಿಕೆಯನ್ನು ಮೂರನೆಯ ಸಲ ಸಿಕ್ಕಿಸಿದೆ. 17ರ ದೀಪ ಒಂದೆರಡು ಸೆಕೆಂಡಿನಲ್ಲಿ ಆರಿತು, ಪಿಂಗ್ ಕಿಟಕಿಯಲ್ಲಿ ಒಂದೇ ಒಂದು ಉತ್ತರ ತಡವಾಗಿ ಬಂದು ಉಳಿದವು ಮೊದಲಿನಂತೆಯೇ ಸಾಗಿದವು. ಕೆಲವು ತಿಂಗಳ ನಂತರ ಮತ್ತೊಮ್ಮೆ ಕರೆ ಬಂದಿತು: ಸಭೆಯ ಕೋಣೆಯಲ್ಲಿ ಮಾತ್ರ ನೆಟ್ ಇಲ್ಲ, ಬೇರೆಲ್ಲ ಕಡೆ ಸರಿಯಾಗಿದೆ. ಈ ಸಲ ನಾನು ಲ್ಯಾಪ್‌ಟಾಪ್ ತೆರೆಯದೆ ನೇರವಾಗಿ ಮೇಜಿನ ಕೆಳಗೆ ಬಗ್ಗಿದೆ.