12×10 ಕೋಣೆಗೆ ಟೈಲ್ಸ್ ಎಷ್ಟು ಬೇಕು? ಚದರಡಿ ಬಿಟ್ಟು ಸಾಲು ಎಣಿಸಿ

ಕೊಪ್ಪಳದಲ್ಲಿ ನಮ್ಮ ಅಕ್ಕನ ಮನೆ. ಹಳೆ ಪರ್ಸಿ ಕಲ್ಲು ತೆಗೆಸಿ ಮಲಗುವ ಕೋಣೆಗೆ ಟೈಲ್ಸ್ ಹಾಕಿಸಬೇಕಿತ್ತು. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಟೈಲ್ಸ್ ಎರಡಡಿಗೆ ಎರಡಡಿ. ಲೆಕ್ಕ ಬಾಯಲ್ಲೇ ಆಯಿತು. ಉದ್ದಕ್ಕೆ 6, ಅಗಲಕ್ಕೆ 5, ಒಟ್ಟು 30. ಒಡೆಯುವುದಕ್ಕೆ ಅಂತ ನೂರಕ್ಕೆ ಹತ್ತು ಸೇರಿಸಿ 33. ಬಾಕ್ಸಿಗೆ ನಾಲ್ಕು ಬರುವುದರಿಂದ 9 ಬಾಕ್ಸ್, ಅಂದರೆ 36 ಟೈಲ್ಸ್ ತಂದೆವು. ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ ಅಂದುಕೊಂಡೆವು.

ಮೂರನೇ ದಿನ ಗೌಂಡಿ ಕರೆದ. “ಸರ, ಎರಡು ಗ್ವಾಡಿ ಕಡೆ ಒಂದೂವರೆ ಇಂಚು ಬಾಕಿ ಉಳದೈತ್ರಿ. ಇಷ್ಟು ಸಣ್ಣ ಪಟ್ಟಿ ಕೊಯ್ದರ ಮುರೀತದ್ರಿ” ಅಂದ. ಹಾಗೇ ಆಯಿತು. ಪಟ್ಟಿ ಕೊಯ್ಯುತ್ತಾ ಕೊಯ್ಯುತ್ತಾ ಉಳಿದ ಟೈಲ್ಸ್ ಮುಗಿದವು. ಮತ್ತೆ ಅಂಗಡಿಗೆ ಹೋದರೆ ಅದೇ ಡಿಸೈನ್ ಸಿಕ್ಕಿತು, ಆದರೆ ಬಣ್ಣ ಒಂದು ಕೂದಲೆಳೆ ಬೇರೆ. ಕಿಟಕಿಯ ಬೆಳಕು ಬಿದ್ದಾಗ ಇವತ್ತಿಗೂ ಕಾಣುತ್ತದೆ.

ತಪ್ಪಾಗಿದ್ದು ಎಲ್ಲಿ? ನಾವು ‘ಎರಡಡಿ’ ಅನ್ನುವ ಟೈಲ್ಸ್ ಎರಡಡಿ ಇರುವುದಿಲ್ಲ. ಅದರ ಅಳತೆ 600 ಮಿ.ಮೀ. ಎರಡಡಿ ಅಂದರೆ ಸುಮಾರು 610 ಮಿ.ಮೀ. ಒಂದು ಟೈಲ್ಸಿಗೆ ಹತ್ತು ಮಿ.ಮೀ. ಹತ್ತಿರ ಕಮ್ಮಿ. ಆರು ಟೈಲ್ಸಿಗೆ ಆ ಕೊರತೆ ಸುಮಾರು ಎರಡೂಕಾಲು ಇಂಚು. ಜಾಯಿಂಟ್ ಬಿಟ್ಟ ಜಾಗ ಅದರಲ್ಲಿ ಸ್ವಲ್ಪ ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ. ಬಾಕ್ಸ್ ಮೇಲೆ ನೋಡಿ, ನಾಲ್ಕು ಟೈಲ್ಸಿಗೆ 1.44 ಚದರ ಮೀಟರ್ ಅಂತ ಇರುತ್ತದೆ. ಅದು 15.5 ಚದರಡಿ, 16 ಅಲ್ಲ.

ಅದಕ್ಕೇ ಕೋಣೆಯನ್ನು ಅಡಿಯಲ್ಲಿ ಅಳೆಯಬೇಡಿ. ಟೇಪಿನ ಇನ್ನೊಂದು ಅಂಚಿನಲ್ಲಿ ಮಿ.ಮೀ. ಇರುತ್ತದೆ, ಅದರಲ್ಲಿ ಅಳೆಯಿರಿ. ಪ್ಲಾಸ್ಟರ್ ಆದ ಮೇಲೆ, ನೆಲಕ್ಕೆ ತಾಗಿಸಿ ಅಳೆಯಿರಿ. ಉದ್ದವನ್ನು ಈ ಗೋಡೆ ಹತ್ತಿರ ಒಮ್ಮೆ, ಆ ಗೋಡೆ ಹತ್ತಿರ ಒಮ್ಮೆ ನೋಡಿ. ನಮ್ಮ ಕಡೆ ಹಳೆ ಮನೆಗಳಲ್ಲಿ ಎರಡೂ ಒಂದೇ ಬರುವುದು ಕಷ್ಟ. ದೊಡ್ಡದನ್ನು ಹಿಡಿಯಿರಿ. ಅಕ್ಕನ ಕೋಣೆ ಹೀಗೆ 3658 ಉದ್ದ, 3048 ಅಗಲ.

ಈಗ ಜಾಯಿಂಟ್ ಸೇರಿಸಿ. 3 ಮಿ.ಮೀ. ಸ್ಪೇಸರ್ ಹಾಕಿದರೆ ಒಂದು ಟೈಲ್ಸ್ ಹಿಡಿಯುವ ಜಾಗ 600 ಅಲ್ಲ, 603. ಜಾಯಿಂಟ್ ಬೇಡ, ಒಂದಕ್ಕೊಂದು ಅಂಟಿಸಿ ಹಾಕಿ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ನೆಲ ಕಾದು ಹಿಗ್ಗಿದಾಗ ಟೈಲ್ಸಿಗೆ ಜಾಗ ಬೇಕು. ಇಲ್ಲದಿದ್ದರೆ ಒಂದನ್ನೊಂದು ಒತ್ತಿ ನಡುವೆ ಮೇಲೆದ್ದು ಬರುತ್ತವೆ. ಗೋಡೆ ಸುತ್ತಲೂ ಒಂದು 5 ಮಿ.ಮೀ. ಬಿಡಿಸಿ, ಅದನ್ನು ಗೋಡೆಯ ಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ.

ಇನ್ನು ಸಾಲು ಎಣಿಸೋಣ. 3658ನ್ನು 603ರಿಂದ ಭಾಗಿಸಿದರೆ 6 ಇಡೀ ಟೈಲ್ಸ್ ಕೂರುತ್ತವೆ, 40 ಮಿ.ಮೀ. ಉಳಿಯುತ್ತದೆ. 3048ರಲ್ಲಿ 5 ಕೂರುತ್ತವೆ, 33 ಉಳಿಯುತ್ತದೆ. ಗೌಂಡಿ ಹೇಳಿದ ಪಟ್ಟಿ ಇದೇ! ಕಾಗದದ ಮೇಲೆ ಎರಡು ಭಾಗಾಕಾರ ಮಾಡಿದ್ದರೆ ಟೈಲ್ಸ್ ಕೊಳ್ಳುವ ಮೊದಲೇ ಗೊತ್ತಾಗುತ್ತಿತ್ತು. ಉಳಿಯುವ ಪಟ್ಟಿ ನಾಲ್ಕು ಇಂಚಿಗಿಂತ ಕಮ್ಮಿ ಬಂದರೆ ಅಲ್ಲೇ ನಿಲ್ಲಿ. ಅಷ್ಟು ಸಣ್ಣ ತುಂಡು ಕೊಯ್ಯುವಾಗ ಮುರಿಯುತ್ತದೆ, ಗೋಡೆ ಸೊಟ್ಟ ಇದ್ದರೆ ಅದನ್ನು ಎತ್ತಿ ತೋರಿಸುತ್ತದೆ.

ಇದಕ್ಕೆ ಒಳ್ಳೆಯ ಗೌಂಡಿಗಳು ಮಾಡುವ ಉಪಾಯ ಒಂದಿದೆ. ಪ್ರತಿ ಸಾಲಿನಲ್ಲಿ ಒಂದು ಇಡೀ ಟೈಲ್ಸ್ ಕಮ್ಮಿ ಮಾಡಿ, ಉಳಿದ ಜಾಗವನ್ನು ಎರಡೂ ಗೋಡೆಗೆ ಸಮ ಹಂಚುತ್ತಾರೆ. ಉದ್ದಕ್ಕೆ 5 ಇಡೀ ಟೈಲ್ಸ್, ಆರು ಜಾಯಿಂಟ್ ಸೇರಿ 3018. ಉಳಿದದ್ದು 640. ಗೋಡೆಯ ಸಂದು ಬಿಟ್ಟರೆ ಎರಡೂ ಕಡೆ ತಲಾ 315ರ ತುಂಡು. ಅಗಲಕ್ಕೆ 4 ಇಡೀ ಟೈಲ್ಸ್, ಎರಡೂ ಕಡೆ ತಲಾ 311ರ ತುಂಡು. ಅರ್ಧ ಟೈಲ್ಸಿಗಿಂತ ದೊಡ್ಡ ತುಂಡುಗಳು, ನೋಡಲು ಚೆನ್ನಾಗಿರುತ್ತವೆ.

ಆದರೆ 600ರ ಟೈಲ್ಸಿನಲ್ಲಿ 315ರ ತುಂಡು ಒಂದೇ ಸಿಗುತ್ತದೆ, ಎರಡು ಸಿಗುವುದಿಲ್ಲ. ಹಾಗಾಗಿ ಪ್ರತಿ ತುಂಡಿಗೂ ಒಂದು ಟೈಲ್ಸ್ ಅಂತಲೇ ಎಣಿಸಬೇಕು. ಉದ್ದಕ್ಕೆ 7, ಅಗಲಕ್ಕೆ 6, ಒಟ್ಟು 42. ನಾವು ತಂದದ್ದು 36!

ಉಳಿದ ತುಂಡುಗಳು ದಂಡ ಆಗುವುದಿಲ್ಲ. ನಾಲ್ಕು ಮೂಲೆ ಬಿಟ್ಟರೆ 18 ಟೈಲ್ಸ್ ಕೊಯ್ದಿರುತ್ತೇವೆ. ಒಂದೊಂದರಲ್ಲೂ ಸುಮಾರು 280 ಅಗಲದ ತುಂಡು ಉಳಿಯುತ್ತದೆ. ಅದರಲ್ಲಿ ನಾಲ್ಕು ಇಂಚಿನ ಸ್ಕರ್ಟಿಂಗ್ ಪಟ್ಟಿ ಎರಡೆರಡು ಬರುತ್ತವೆ, ಒಟ್ಟು 36. ಕೋಣೆಯ ಸುತ್ತಳತೆ 44 ಅಡಿ, ಬಾಗಿಲು 3 ಅಡಿ ಕಳೆದರೆ 41. ಅದಕ್ಕೆ 21 ಪಟ್ಟಿ ಸಾಕು. ಬಾಗಿಲ ಸಂದಿಗೂ ಇದರಲ್ಲೇ ಆಗುತ್ತದೆ. ಈ ತುಂಡುಗಳನ್ನು ಬಿಸಾಡಬೇಡ ಅಂತ ಮೊದಲ ದಿನವೇ ಹೇಳಿಬಿಡಿ. ಮರದ ಗೆರೆಯಂಥ ಡಿಸೈನ್ ಇದ್ದರೆ ಮಾತ್ರ ಸ್ಕರ್ಟಿಂಗಿನಲ್ಲಿ ಗೆರೆ ಅಡ್ಡ ಬರಬಹುದು, ನೋಡಿಕೊಳ್ಳಿ.

ಒಡೆಯುವ ಲೆಕ್ಕ ಈಗ. ನೂರಕ್ಕೆ ಹತ್ತು ಅನ್ನುವುದು ಚದರಡಿ ಲೆಕ್ಕ ಹಾಕುವವರಿಗೆ. ಅದರಲ್ಲಿ ಕೊಯ್ದು ಹಾಳಾಗುವುದೂ ಸೇರಿರುತ್ತದೆ. ಸಾಲು ಎಣಿಸಿದರೆ ಕೊಯ್ಯುವುದು ಆಗಲೇ ಲೆಕ್ಕಕ್ಕೆ ಬಂತಲ್ವಾ? ಮತ್ತೆ ಹತ್ತು ಸೇರಿಸಿದರೆ ಸುಮ್ನೆ ದುಡ್ಡು ದಂಡ. ನೂರಕ್ಕೆ ಐದು ಸಾಕು. 42ಕ್ಕೆ ಎರಡು, ಮುಂದೆ ಯಾವತ್ತಾದರೂ ಪೈಪ್ ರಿಪೇರಿಗೆ ನೆಲ ಒಡೆದರೆ ಅಂತ ಇನ್ನೆರಡು. ಒಟ್ಟು 46, ಅಂದರೆ 12 ಬಾಕ್ಸ್. ಟೈಲ್ಸನ್ನು ಓರೆಯಾಗಿ, ವಜ್ರದ ಆಕಾರದಲ್ಲಿ ಹಾಕಿಸುವುದಾದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಚದರ ಅಳತೆಗೇ ನೂರಕ್ಕೆ ಹದಿನೈದು ಸೇರಿಸಬೇಕು.

12 ಬಾಕ್ಸ್ ಜಾಸ್ತಿ ಅನಿಸಿದರೆ ಟೈಲ್ಸಿನ ಅಳತೆ ಬದಲಿಸಿ ನೋಡಿ. ಇದೇ ಕೋಣೆಗೆ 800 ಮಿ.ಮೀ. ಟೈಲ್ಸ್ ಇಟ್ಟರೆ ಉದ್ದಕ್ಕೆ 4 ಇಡೀ, ಒಂದು 440ರ ತುಂಡು. ಅಗಲಕ್ಕೆ 3 ಇಡೀ, ಒಂದು 630ರ ತುಂಡು. 5 ಸಾಲು, 4 ಸಾಲು, ಒಟ್ಟು 20 ಟೈಲ್ಸ್. ಸ್ಕರ್ಟಿಂಗಿಗೆ ಒಂದು, ಒಡೆಯುವುದಕ್ಕೆ ಒಂದು, ಎತ್ತಿಡಲು ಎರಡು ಸೇರಿಸಿದರೆ 24. ಬಾಕ್ಸಿಗೆ ಮೂರರಂತೆ 8 ಬಾಕ್ಸ್ ಸರಿಯಾಗಿ. 600ರ ಲೆಕ್ಕಕ್ಕಿಂತ 20 ಚದರಡಿ ಕಮ್ಮಿ. ಚದರಡಿ ದರ ಕೇಳಿ ಎರಡನ್ನೂ ಹೋಲಿಸಿ. ದೊಡ್ಡ ಟೈಲ್ಸಿಗೆ ನೆಲ ಚೆನ್ನಾಗಿ ಮಟ್ಟ ಇರಬೇಕು, ಅಷ್ಟು ನೆನಪಿರಲಿ.

ಬಾಕ್ಸ್ ಇಳಿಸಿಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ ಶೇಡ್ ನಂಬರ್, ಬ್ಯಾಚ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯಾ ಅಂತ ಓದಿ. ಒಂದು ಬಾಕ್ಸ್ ಬೇರೆ ಇದ್ದರೂ ಅಲ್ಲೇ ವಾಪಸ್ ಕೊಡಿ. ಒಡೆಯದೆ ಉಳಿದ ಬಾಕ್ಸ್ ವಾಪಸ್ ತಗೋತೀರಾ ಅಂತ ಬಿಲ್ ಮಾಡಿಸುವಾಗಲೇ ಕೇಳಿಟ್ಟುಕೊಳ್ಳಿ. ಅಕ್ಕ ಈಗ ಹಾಲ್‌ಗೆ ಹಾಕಿಸಿದಾಗ ಉಳಿದ ಎರಡು ಟೈಲ್ಸನ್ನು ಅಟ್ಟದ ಮೇಲೆ ನಿಲ್ಲಿಸಿ, ಬಾಕ್ಸಿನ ನಂಬರ್ ಇದ್ದ ತುಂಡನ್ನು ಕತ್ತರಿಸಿ ಅವಕ್ಕೇ ಅಂಟಿಸಿದ್ದಾಳೆ.