ಟರ್ಮ್ ಪಾಲಿಸಿ, ಹೆಲ್ತ್ ಪಾಲಿಸಿ: ನಾನು ಲೆಕ್ಕ ಹಾಕಿದ ಬಗೆ

ಮಗಳು ಹುಟ್ಟಿದ ವರ್ಷ ಪರಿಚಯದ ಏಜೆಂಟ್ ಒಬ್ಬರು ನನ್ನಿಂದ ವಿಮೆ, ಉಳಿತಾಯ ಎರಡೂ ಬೆರೆತ ಎಂಡೋಮೆಂಟ್ ಪಾಲಿಸಿ ಮಾಡಿಸಿದರು. ವರ್ಷಕ್ಕೆ 50 ಸಾವಿರದಂತೆ 20 ವರ್ಷ ಕಟ್ಟಿದರೆ ಕೊನೆಗೆ ಸುಮಾರು 17 ಲಕ್ಷ. 10 ಲಕ್ಷ ಕಟ್ಟಿ 17 ಲಕ್ಷ, ಒಳ್ಳೇದೇ ಅಲ್ವಾ ಅನ್ನಿಸಿತು. ಮೂರು ಕಂತು ಕಟ್ಟಿದ ಮೇಲೆ ಸುಮ್ನೆ ಒಂದು ದಿನ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ:

```
=RATE(20,-50000,0,1700000,1)
```

ಬಂದದ್ದು ವರ್ಷಕ್ಕೆ 5% ಲಾಭ ಕೂಡ ಇಲ್ಲ. ಅದಕ್ಕಿಂತ ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ನಾನು ನಾಳೆ ಸತ್ತರೆ ಮನೆಗೆ ಬರುತ್ತಿದ್ದದ್ದು 10 ಲಕ್ಷ. ಮನೆ ಸಾಲವೇ 18 ಲಕ್ಷ ಇತ್ತು!

ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿ ಮಾಡಿಸೋಣ ಅಂದುಕೊಂಡು, ಎಷ್ಟು ಕವರ್ ಬೇಕು ಅಂತ ಹೆಂಡತಿ ಜೊತೆ ಕೂತು ಬರೆದೆವು. ಸಾಲದ ಕಂತು ಬಿಟ್ಟು ಮನೆಖರ್ಚು ತಿಂಗಳಿಗೆ 40 ಸಾವಿರ. ಅದರಲ್ಲಿ ನನ್ನದೇ ಖರ್ಚು 8 ಸಾವಿರ ಕಳೆದರೆ 32 ಸಾವಿರ, ವರ್ಷಕ್ಕೆ 3.84 ಲಕ್ಷ. ಮಗಳು ದುಡಿಯೋವರೆಗೆ 20 ವರ್ಷ ಅಂತಿಟ್ಟರೆ 76.8 ಲಕ್ಷ. ಬೆಲೆ ಏರಿಕೆಯಷ್ಟೇ ಬಡ್ಡಿ ಬರುತ್ತದೆ ಅಂದುಕೊಂಡು ನೇರ ಗುಣಿಸಿದೆ. ಸಾಲಕ್ಕೆ 18, ಓದಿಗೆ 15 ಸೇರಿಸಿ, ಕೈಯಲ್ಲಿದ್ದ 9 ಲಕ್ಷ ಕಳೆದರೆ ಸುಮಾರು 1 ಕೋಟಿ. ಹೆಂಡತಿ ಮತ್ತೆ ಕೆಲಸಕ್ಕೆ ಸೇರಬಹುದು, ಆದರೆ ಅದನ್ನು ನಂಬಿ ಕಡಿಮೆ ಮಾಡಲಿಲ್ಲ. ಅವಧಿ 60ನೇ ವಯಸ್ಸಿನವರೆಗೆ ಸಾಕು. ಆಮೇಲೆ ನನ್ನ ಸಂಬಳ ನಂಬಿ ಯಾರೂ ಇರುವುದಿಲ್ಲ. ಪ್ರೀಮಿಯಂ ವಾಪಸ್ ಕೊಡುವ ಪ್ಲಾನ್ ಬೇಡ ಅಂದೆ, ಅದು ಮತ್ತೆ ಅದೇ ಬೆರಕೆ.

ಅರ್ಜಿ ನಾನೇ ತುಂಬಿದೆ. ಹಳೇ ಪಾಲಿಸಿಯಲ್ಲಿ ತಂಬಾಕಿನ ಪ್ರಶ್ನೆಗೆ ಏಜೆಂಟೇ ‘ಇಲ್ಲ’ ಅಂತ ಗುರುತು ಹಾಕಿದ್ದರು, ನಾನು ವಾರಕ್ಕೆ ಒಂದೆರಡು ಸಿಗರೇಟ್ ಸೇದುತ್ತಿದ್ದೆ. ಈ ಸಲ ‘ಹೌದು’ ಅಂದೆ. ಪ್ರೀಮಿಯಂ ಜಾಸ್ತಿ ಆಯಿತು. ಆಗಲಿ, ಸುಳ್ಳು ಬರೆದು ಕ್ಲೇಮ್ ತಿರಸ್ಕಾರವಾದರೆ ಓಡಾಡಬೇಕಾದವಳು ಹೆಂಡತಿ.

ಹೆಲ್ತ್ ಪಾಲಿಸಿಯ ಪಾಠ ಕಲಿಸಿದ್ದು ಹೆಂಡತಿಯ ಅಪೆಂಡಿಕ್ಸ್ ಆಪರೇಷನ್. ಆಫೀಸಿನ ಪಾಲಿಸಿ 5 ಲಕ್ಷದ್ದು, ರೂಮಿಗೆ ದಿನಕ್ಕೆ 1%, ಅಂದರೆ 5 ಸಾವಿರದ ಮಿತಿ. ನಾವು ತಗೊಂಡದ್ದು 8 ಸಾವಿರದ ರೂಮು, 4 ದಿನ. ಜಾಸ್ತಿಯಾದ 12 ಸಾವಿರ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಡಾಕ್ಟರ್ ಫೀಸು, ಓಟಿ ಚಾರ್ಜು ಸೇರಿ 80 ಸಾವಿರವಿತ್ತು. ಅದನ್ನೂ ರೂಮ್ ಮಿತಿಯ ಲೆಕ್ಕದಲ್ಲೇ ಎಂಟರಲ್ಲಿ ಐದು ಪಾಲಿನಂತೆ ಕತ್ತರಿಸಿ 50 ಸಾವಿರ ಕೊಟ್ಟರು. ಕೈಯಿಂದ ಹೋದದ್ದು 42 ಸಾವಿರ. ಹಾಗಾಗಿ ಮನೆಯವರಿಗೆಲ್ಲ ಸೇರಿ ಒಂದೇ ಮೊತ್ತದ ನಮ್ಮದೇ ಫ್ಯಾಮಿಲಿ ಫ್ಲೋಟರ್ ಮಾಡಿಸುವಾಗ ಮೊದಲು ಹುಡುಕಿದ್ದು ರೂಮ್ ಬಾಡಿಗೆ ಮಿತಿ ಇಲ್ಲದ ಪಾಲಿಸಿ. ಅಪ್ಪ ಅಮ್ಮನನ್ನು ಅದಕ್ಕೆ ಸೇರಿಸಲಿಲ್ಲ, ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ಏರುತ್ತದೆ. ಅವರಿಗೆ ಬೇರೆಯೇ ಮಾಡಿಸಿದೆ.

ಟರ್ಮ್ ಪಾಲಿಸಿ ಕೈಗೆ ಬಂದ ಮೇಲೆಯೇ ಎಂಡೋಮೆಂಟ್ ಅನ್ನು ಪೇಡ್-ಅಪ್ ಮಾಡಿಸಿದೆ, ಅಂದರೆ ಮುಂದಿನ ಕಂತು ನಿಲ್ಲಿಸಿ ಕಟ್ಟಿದ್ದಕ್ಕೆ ತಕ್ಕ ಕಡಿಮೆ ಮೊತ್ತಕ್ಕೆ ಪಾಲಿಸಿ ಉಳಿಸಿಕೊಂಡೆ. ಆ 50 ಸಾವಿರದಲ್ಲಿ ಟರ್ಮ್ ಪ್ರೀಮಿಯಂ ಕಳೆದು ಉಳಿದದ್ದು ಈಗ ಇಂಡೆಕ್ಸ್ ಫಂಡಿಗೆ ಹೋಗುತ್ತದೆ.