ರಸಮೇವಿನ ಗುಂಡಿ ತೋಡುವ ಮುಂಚೆ ದಿನದ ಲೆಕ್ಕ ಹಾಕಿ

ನೀರಿದ್ದಷ್ಟು ದಿನ ಹೈಬ್ರಿಡ್ ನೇಪಿಯರ್ ಹುಲ್ಲು ಸುಮಾರು 45 ದಿನಕ್ಕೊಮ್ಮೆ ಕಟಾವಿಗೆ ಬರುತ್ತದೆ. ಜೊತೆಗೆ ಅಲಸಂದೆ ಇದ್ದರೆ ಪ್ರೋಟೀನಿಗೂ ದಾರಿಯಾಯಿತು. ತೊಂದರೆ ಬರುವುದು ನೀರು ಬತ್ತುವ ಮೂರು ತಿಂಗಳಲ್ಲಿ. ಆ ಕೊರತೆ ತುಂಬಲು ಮೆಕ್ಕೆಜೋಳದ ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಸೈಲೇಜ್, ಬೇಕು.

ನಾಲ್ಕು ಹಸುಗಳಿವೆ, ಒಂದೊಂದಕ್ಕೆ ದಿನಕ್ಕೆ 15 ಕಿಲೋ ಕೊಡುತ್ತೀರಿ ಅಂದುಕೊಳ್ಳಿ. ದಿನಕ್ಕೆ 60 ಕಿಲೋ, 100 ದಿನಕ್ಕೆ 6 ಟನ್. ಹಾಳಾಗುವ ಪಾಲನ್ನೂ ಸೇರಿಸಿ 7 ಟನ್ ಹಸಿಮೇವು ತುಂಬಬೇಕು. ಚೆನ್ನಾಗಿ ತುಳಿದರೆ ಒಂದು ಘನ ಮೀಟರಿನಲ್ಲಿ ಸುಮಾರು 550 ಕಿಲೋ ಹಿಡಿಸುತ್ತದೆ. ಹಾಗಾಗಿ 13 ಘನ ಮೀಟರ್ ಜಾಗ ಸಾಕು.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. 2 ಮೀಟರ್ ಅಗಲ, 1.6 ಮೀಟರ್ ಆಳದ ಒಂದೇ ದೊಡ್ಡ ಗುಂಡಿ ತೋಡಿದರೆ, ದಿನದ 60 ಕಿಲೋ ತೆಗೆದಾಗ ತೆರೆದ ಮುಖ ಹಿಂದೆ ಸರಿಯುವುದು ಬರೀ 3 ಸೆಂಟಿಮೀಟರ್ ಚಿಲ್ಲರೆ. ಅಷ್ಟರಲ್ಲಿ ಗಾಳಿ ಒಳಗೆ ನುಗ್ಗಿ ಮೇವು ಬಿಸಿಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ದಿನಕ್ಕೆ 10 ಸೆಂಟಿಮೀಟರ್ ಆದರೂ ಸರಿಯಬೇಕು. ಅದಕ್ಕೇ ಗುಂಡಿಯನ್ನು 1 ಮೀಟರ್ ಅಗಲ, 1.1 ಮೀಟರ್ ಆಳಕ್ಕೆ ಇಳಿಸಿ, 6 ಮೀಟರ್ ಉದ್ದದ ಎರಡು ಗುಂಡಿ ಮಾಡಿ. ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ತೆಗೆಯುವ ಹಾಗಿಲ್ಲ.

ಕಟಾವಿನ ಹೊತ್ತು ತಿಳಿಯಲು ತೆನೆಯನ್ನು ನಡುವೆ ಮುರಿದು ಕಾಳು ನೋಡಿ. ಕಾಳಿನ ಹೊರತುದಿಯಿಂದ ಗಟ್ಟಿಯಾಗುತ್ತಾ ಬಂದ ಗೆರೆ ಅರ್ಧಕ್ಕೆ ಇಳಿದಿದ್ದರೆ ಸರಿಯಾದ ಸಮಯ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಕೈ ಬಿಡಿ. ನೀರು ತೊಟ್ಟಿಕ್ಕಿದರೆ ತೇವ ಜಾಸ್ತಿ, ಇನ್ನೂ ಕೆಲವು ದಿನ ಕಾಯಿರಿ. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಸರಿಯಾಗಿದೆ. ಥಟ್ಟನೆ ಉದುರಿಹೋದರೆ ಒಣಗಿಬಿಟ್ಟಿದೆ, ಎಷ್ಟು ತುಳಿದರೂ ಅದರೊಳಗಿನ ಗಾಳಿ ಹೊರಗೆ ಹೋಗುವುದಿಲ್ಲ.

1ರಿಂದ 2 ಸೆಂಟಿಮೀಟರ್ ಚೂರು ಮಾಡಿ, ಒಂದು ಗೇಣಿಗಿಂತ ದಪ್ಪವಾಗದ ಪದರಗಳಲ್ಲಿ ಹರಡಿ, ಪ್ರತಿ ಪದರವನ್ನೂ ತುಳಿಯಿರಿ. ಅಂಚು, ಮೂಲೆಗಳನ್ನು ಇನ್ನೊಂದು ಸುತ್ತು ತುಳಿಯಿರಿ, ಬೂಸ್ಟು ಮೊದಲು ಕಾಣುವುದು ಅಲ್ಲೇ. ಒಂದು ಗುಂಡಿಯನ್ನು ಒಂದೇ ದಿನದಲ್ಲಿ ತುಂಬಿ, ನೆಲಮಟ್ಟಕ್ಕಿಂತ ಸ್ವಲ್ಪ ಉಬ್ಬಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಮಣ್ಣು ಹೇರಿ. ಬಿರುಕು ಬಿಟ್ಟರೆ ಅವತ್ತೇ ಮುಚ್ಚಿ.

45 ದಿನದ ನಂತರ ಒಂದು ತುದಿಯಿಂದ ತೆರೆಯಿರಿ. ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಚೆನ್ನಾಗಿ ಹುದುಗಿದೆ. ಕೊಳೆತ ಬೆಣ್ಣೆಯ ನಾತ ಬಂದರೆ ತುಂಬುವಾಗ ತೇವ ಹೆಚ್ಚಿತ್ತು. ಕಂದು ಬಣ್ಣ, ಸುಟ್ಟ ಸಕ್ಕರೆಯ ವಾಸನೆ ಇದ್ದರೆ ಗಾಳಿ ಉಳಿದು ಒಳಗೆ ಕಾದಿದೆ. ಬೂಸ್ಟು ಹಿಡಿದ ಭಾಗವನ್ನು ಒಳ್ಳೆಯದರ ಜೊತೆ ಬೆರೆಸದೆ ಎಸೆಯಿರಿ. ಮೊದಲ ವಾರ ಒಂದು ಹಸುವಿಗೆ ದಿನಕ್ಕೆ 5 ಕಿಲೋದಿಂದ ಶುರುಮಾಡಿ ನಿಧಾನವಾಗಿ ಏರಿಸಿ. ಹಾಲಿಗೆ ವಾಸನೆ ಹಿಡಿಯದಿರಲು ಕರೆದ ಮೇಲೆಯೇ ಹಾಕಿ.